ಟಿಎಸ್‌ಎಚ್ ಸ್ವಲ್ಪ ಜಾಸ್ತಿ: ಮಾತ್ರೆ ಯಾರಿಗೆ, ಕಾಯುವುದು ಯಾರಿಗೆ?

ಮೈಸೂರಿನ ಒಂದು ಮನೆ ಎಂದುಕೊಳ್ಳಿ. ಹಬ್ಬದ ಆಫರ್ ಇದೆ ಎಂದು ಫುಲ್ ಬಾಡಿ ಚೆಕಪ್ ಪ್ಯಾಕೇಜ್ ಬುಕ್ ಮಾಡಿದ್ದಾರೆ. ಬೆಳಗ್ಗೆ ಲ್ಯಾಬಿನ ಹುಡುಗ ಮನೆಗೇ ಬಂದು ಅತ್ತೆ, ಸೊಸೆ ಇಬ್ಬರ ರಕ್ತವನ್ನೂ ತೆಗೆದುಕೊಂಡು ಹೋದ. ಸಂಜೆ ಮೊಬೈಲಿಗೆ ರಿಪೋರ್ಟ್ ಬಂತು. ಇಬ್ಬರ ಟಿಎಸ್‌ಎಚ್ ಕೂಡ 6.8. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ‘ಹೈ’ ಎಂಬ ಗುರುತು. ಅದರಡಿ ಫ್ರೀ ಟಿ4 ಮಾತ್ರ ಇಬ್ಬರದೂ ನಾರ್ಮಲ್. ಅತ್ತೆಗೆ 74 ವರ್ಷ, ಸೊಸೆಗೆ 34. ಇಬ್ಬರಿಗೂ ಒಂದೇ ನಂಬರ್ ಬರಲಿ ಎಂದು ನಾನೇ ಜೋಡಿಸಿದ ಉದಾಹರಣೆ ಇದು. ಆದರೆ ಇಂಥ ರಿಪೋರ್ಟ್ ಇಲ್ಲದ ಬೀದಿ ಹುಡುಕುವುದು ಕಷ್ಟ. ಬೆಂಗಳೂರು ಸೇರಿ ದೇಶದ 8 ನಗರಗಳಲ್ಲಿ 5 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅದರಲ್ಲಿ ಸುಮಾರು 8% ಜನರ ರಿಪೋರ್ಟ್ ಹೀಗೇ ಇತ್ತು: ಟಿಎಸ್‌ಎಚ್ ಜಾಸ್ತಿ, ಟಿ4 ಸರಿ.

ಇದಕ್ಕೆ ಡಾಕ್ಟರುಗಳು ಸಬ್‌ಕ್ಲಿನಿಕಲ್ ಹೈಪೋಥೈರಾಯ್ಡಿಸಮ್ ಎನ್ನುತ್ತಾರೆ. ಮನೆಯಲ್ಲಿ ಮಾತ್ರ ಅಷ್ಟೊತ್ತಿಗೆ ‘ಇಬ್ಬರಿಗೂ ಥೈರಾಯ್ಡ್ ಬಂದಿದೆಯಂತೆ’ ಎಂಬ ಸುದ್ದಿ ಹರಡಿರುತ್ತದೆ. ಗೊತ್ತಿರುವವರೊಬ್ಬರು ಮಾತ್ರೆಯ ಹೆಸರನ್ನೂ ಹೇಳಿಬಿಟ್ಟಿರುತ್ತಾರೆ.

ಟಿಎಸ್‌ಎಚ್ ಥೈರಾಯ್ಡ್‌ನಲ್ಲಿ ಹುಟ್ಟುವ ಹಾರ್ಮೋನ್ ಅಲ್ಲ ಎನ್ನುವುದನ್ನು ಮೊದಲು ತಿಳಿದುಕೊಂಡರೆ ಮುಂದಿನದು ಸುಲಭ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಅದನ್ನು ಬಿಡುತ್ತದೆ. ಕತ್ತಿನಲ್ಲಿರುವ ಥೈರಾಯ್ಡ್‌ಗೆ ‘ಕೆಲಸ ಮಾಡು’ ಎಂದು ಹೇಳುವ ಸಂದೇಶ ಅದು. ಥೈರಾಯ್ಡ್ ತಯಾರಿಸುವ ಹಾರ್ಮೋನ್ ಟಿ4 ಸ್ವಲ್ಪ ಇಳಿದರೂ ಪಿಟ್ಯುಟರಿ ಸುಮ್ಮನಿರುವುದಿಲ್ಲ, ದೊಡ್ಡ ದನಿಯಲ್ಲಿ ಕೂಗಲು ಶುರು ಮಾಡುತ್ತದೆ. ಟಿ4 ಅರ್ಧದಷ್ಟು ಇಳಿಯುವ ಹೊತ್ತಿಗೆ ಟಿಎಸ್‌ಎಚ್ ಹತ್ತಾರು ಪಟ್ಟು ಏರಿರುತ್ತದೆ. ಹಾಗಾಗಿ 4.5ರ ಗಡಿ ದಾಟಿ 6.8ಕ್ಕೆ ಬಂದಿದೆ ಎಂದರೆ ಕೂಗು ಸ್ವಲ್ಪ ಜೋರಾಗಿದೆ ಎಂದಷ್ಟೇ ಅರ್ಥ. ಆ ಕೂಗಿಗೆ ಥೈರಾಯ್ಡ್ ಸ್ಪಂದಿಸುತ್ತಿದೆ, ಸಾಕಾಗುವಷ್ಟು ಹಾರ್ಮೋನ್ ಕೊಡುತ್ತಿದೆ ಎನ್ನುವುದಕ್ಕೆ ನಾರ್ಮಲ್ ಇರುವ ಫ್ರೀ ಟಿ4 ಸಾಕ್ಷಿ.

ಆ 4.5 ಎಲ್ಲಿಂದ ಬಂತು? ಥೈರಾಯ್ಡ್ ತೊಂದರೆ ಇಲ್ಲದ ಸಾವಿರಾರು ಜನರ ರಕ್ತ ಪರೀಕ್ಷಿಸಿ, ನಡುವಿನ 95% ಜನರ ನಂಬರುಗಳನ್ನು ‘ನಾರ್ಮಲ್’ ಎಂದು ಇಟ್ಟುಕೊಳ್ಳುತ್ತಾರೆ. ಮೇಲಿನ ಎರಡೂವರೆ ಪರ್ಸೆಂಟ್ ಜನ ಆರೋಗ್ಯವಾಗಿದ್ದರೂ ಗಡಿಯ ಆಚೆ ಬೀಳುತ್ತಾರೆ. ಲೆಕ್ಕ ಹಾಕುವ ರೀತಿಯೇ ಹಾಗಿದೆ. ಅದೂ ಅಲ್ಲದೆ ಟಿಎಸ್‌ಎಚ್ ದಿನವಿಡೀ ಒಂದೇ ಸಮನೆ ಇರುವುದಿಲ್ಲ. ನಡುರಾತ್ರಿ ದಾಟಿದ ಮೇಲೆ ಏರುತ್ತದೆ, ಮಧ್ಯಾಹ್ನದ ಹೊತ್ತಿಗೆ ಇಳಿದಿರುತ್ತದೆ. ಬೆಳಗ್ಗೆ ಏಳಕ್ಕೆ ಖಾಲಿ ಹೊಟ್ಟೆಯಲ್ಲಿ ಕೊಟ್ಟ ರಕ್ತಕ್ಕೂ ಮಧ್ಯಾಹ್ನ ಊಟ ಮುಗಿಸಿ ಕೊಟ್ಟ ರಕ್ತಕ್ಕೂ ವ್ಯತ್ಯಾಸ ಬರುತ್ತದೆ. ದೊಡ್ಡ ಜ್ವರ ಅಥವಾ ಆಸ್ಪತ್ರೆವಾಸದಿಂದ ಚೇತರಿಸಿಕೊಳ್ಳುವಾಗ ಕೆಲವು ವಾರ ಟಿಎಸ್‌ಎಚ್ ಮೇಲೇರಿ, ತಾನಾಗಿ ಇಳಿಯುತ್ತದೆ. ಲಿಥಿಯಂ, ಅಮಿಯೊಡರೋನ್ ತರಹದ ಔಷಧಿಗಳೂ ಅದನ್ನು ಏರಿಸುತ್ತವೆ. ಮೈತೂಕ ತುಂಬ ಜಾಸ್ತಿ ಇರುವವರಲ್ಲೂ ಅದು ಸ್ವಲ್ಪ ಮೇಲೇ ಇರುತ್ತದೆ, ತೂಕ ಇಳಿಸಿದರೆ ಇಳಿಯುತ್ತದೆ.

ಅದಕ್ಕೇ ಒಂದೇ ರಿಪೋರ್ಟ್ ನೋಡಿ ಮಾತ್ರೆ ಬರೆಯುವುದು ಅವಸರದ ಕೆಲಸ. ಇಸ್ರೇಲಿನ ದೊಡ್ಡ ಅಧ್ಯಯನವೊಂದರಲ್ಲಿ ಮೊದಲ ಸಲ 5.5ರಿಂದ 10ರ ನಡುವೆ ಬಂದಿದ್ದವರನ್ನು ಐದು ವರ್ಷಗಳ ಅವಧಿಯಲ್ಲಿ ಮತ್ತೆ ನೋಡಿದಾಗ, 60%ಗೂ ಹೆಚ್ಚು ಜನರ ಟಿಎಸ್‌ಎಚ್ ಮಾತ್ರೆಯಿಲ್ಲದೆಯೇ ನಾರ್ಮಲ್ ಆಗಿತ್ತು. ಮೊದಲ ದಿನವೇ ಅವರಿಗೆ ಮಾತ್ರೆ ಕೊಟ್ಟಿದ್ದರೆ ಏನಾಗುತ್ತಿತ್ತು? ಮೂರು ತಿಂಗಳಾದ ಮೇಲೆ ರಿಪೋರ್ಟ್ ನಾರ್ಮಲ್ ಬರುತ್ತಿತ್ತು. ‘ನೋಡಿ, ಮಾತ್ರೆ ಕೆಲಸ ಮಾಡಿತು’ ಎನ್ನುತ್ತಿದ್ದರು. ಮುಂದೆ ಜೀವನಪೂರ್ತಿ ಅದೇ ನಡೆಯುತ್ತಿತ್ತು.

ಹಾಗಾಗಿ ಅತ್ತೆ, ಸೊಸೆ ಇಬ್ಬರಿಗೂ ಡಾಕ್ಟರ್ ಹೇಳಿದ್ದು ಒಂದೇ ಮಾತು. ಎರಡು ಮೂರು ತಿಂಗಳು ಬಿಟ್ಟು, ಅದೇ ಲ್ಯಾಬಿನಲ್ಲಿ, ಬೆಳಗಿನ ಅದೇ ಹೊತ್ತಿಗೆ ಮತ್ತೆ ಟಿಎಸ್‌ಎಚ್, ಫ್ರೀ ಟಿ4 ಮಾಡಿಸಿ. ಜೊತೆಗೆ ಒಮ್ಮೆ ಟಿಪಿಒ ಆಂಟಿಬಾಡಿ ನೋಡಿ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಟೆಸ್ಟಿಗೆ ಎರಡು ದಿನ ಮೊದಲೇ ನಿಲ್ಲಿಸಿ. ಕೆಲವು ಮೆಷಿನ್‌ಗಳಲ್ಲಿ ಬಯೋಟಿನ್‌ನಿಂದ ಟಿಎಸ್‌ಎಚ್ ನಂಬರೇ ತಪ್ಪಾಗಿ ಕಡಿಮೆ ಬರುತ್ತದೆ.

ಆಂಟಿಬಾಡಿ ಟೆಸ್ಟ್ ಏಕೆಂದರೆ, ದೇಹದ ರೋಗನಿರೋಧಕ ವ್ಯವಸ್ಥೆಯೇ ಥೈರಾಯ್ಡ್ ಮೇಲೆ ತಿರುಗಿ ಬಿದ್ದಿದೆಯೇ ಎಂದು ಅದು ಹೇಳುತ್ತದೆ. ಇದಕ್ಕೆ ಹಾಶಿಮೊಟೊ ಎಂಬ ಹೆಸರನ್ನು ನೀವು ಕೇಳಿರಬಹುದು. ಇಂಗ್ಲೆಂಡಿನ ವಿಕ್‌ಹ್ಯಾಮ್‌ನಲ್ಲಿ ಜನರನ್ನು 20 ವರ್ಷ ಹಿಂಬಾಲಿಸಿ ನೋಡಿದ ಅಧ್ಯಯನವಿದೆ. ಟಿಎಸ್‌ಎಚ್ ಜಾಸ್ತಿ ಇದ್ದು ಆಂಟಿಬಾಡಿಯೂ ಇದ್ದ ಹೆಂಗಸರಲ್ಲಿ ವರ್ಷಕ್ಕೆ ನೂರರಲ್ಲಿ ಸುಮಾರು ನಾಲ್ವರಿಗೆ ಟಿ4 ಕೂಡ ಇಳಿಯುವ ನಿಜವಾದ ಹೈಪೋಥೈರಾಯ್ಡ್ ಬಂತು. ಆಂಟಿಬಾಡಿ ಇಲ್ಲದೆ ಬರೀ ಟಿಎಸ್‌ಎಚ್ ಜಾಸ್ತಿ ಇದ್ದವರಲ್ಲಿ ಎರಡೂವರೆಯಷ್ಟು. ಮಾತ್ರೆ ಶುರು ಮಾಡಲು ಇದೊಂದೇ ಕಾರಣ ಸಾಲದು. ಎಷ್ಟು ದಿನಕ್ಕೊಮ್ಮೆ ನೋಡುತ್ತಿರಬೇಕು ಎನ್ನುವುದಕ್ಕೆ ಮಾತ್ರ ಇದು ಒಳ್ಳೆಯ ಸುಳಿವು.

ಮೂರು ತಿಂಗಳ ನಂತರ ಅತ್ತೆಯ ಟಿಎಸ್‌ಎಚ್ 5.9, ಆಂಟಿಬಾಡಿ ಇಲ್ಲ. ಸೊಸೆಯದು 7.1, ಆಂಟಿಬಾಡಿ ಲ್ಯಾಬಿನ ಗಡಿಗಿಂತ ಹತ್ತು ಪಟ್ಟು ಮೇಲೆ. ಇಲ್ಲಿಂದ ಇಬ್ಬರ ದಾರಿ ಬೇರೆ.

ಮೊದಲು ಅತ್ತೆ. ವಯಸ್ಸಾದಂತೆ ಟಿಎಸ್‌ಎಚ್ ನಿಧಾನವಾಗಿ ಏರುವುದು ಸಹಜ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ವಯಸ್ಸಿನ ಪ್ರಕಾರ ಬಿಡಿಸಿ ನೋಡಿದಾಗ, ಥೈರಾಯ್ಡ್ ರೋಗವಿಲ್ಲದ ಇಪ್ಪತ್ತರ ಹರೆಯದವರಲ್ಲಿ ಮೇಲಿನ ಗಡಿ ಸುಮಾರು 3.6 ಇತ್ತು. ಎಪ್ಪತ್ತರಿಂದ ಎಂಬತ್ತರ ನಡುವಿನವರಲ್ಲಿ 6ರ ಹತ್ತಿರ. ಎಂಬತ್ತು ದಾಟಿದವರಲ್ಲಿ 7.5. ಅಂದರೆ ಅತ್ತೆಯ 5.9 ಅವರ ವಯಸ್ಸಿಗೆ ಹೆಚ್ಚೇನಲ್ಲ. ಆದರೆ ಬಹಳಷ್ಟು ಲ್ಯಾಬ್ ರಿಪೋರ್ಟುಗಳಲ್ಲಿ 25ರ ಹುಡುಗಿಗೂ 85ರ ಅಜ್ಜಿಗೂ ಒಂದೇ ರೇಂಜ್ ಅಚ್ಚಾಗಿರುತ್ತದೆ. ಆ ‘ಹೈ’ ಗುರುತು ಹಾಕುವ ಸಾಫ್ಟ್‌ವೇರ್ ವಯಸ್ಸು ನೋಡುವುದಿಲ್ಲ. ನನ್ನ ಮಟ್ಟಿಗೆ, ಅನಗತ್ಯ ಮಾತ್ರೆಗಳಲ್ಲಿ ಒಂದು ದೊಡ್ಡ ಪಾಲು ಶುರುವಾಗುವುದೇ ಇಲ್ಲಿ.

‘ಆದರೂ ಅಮ್ಮನಿಗೆ ಯಾವಾಗಲೂ ಸುಸ್ತು, ಮಂಡಿ ನೋವು, ಬೆಳಗಿನ ಜಾವ ಮೂರಕ್ಕೇ ಎಚ್ಚರ ಆಗುತ್ತೆ. ಒಂದು ಮಾತ್ರೆ ಕೊಟ್ಟು ನೋಡಬಾರದಾ ಡಾಕ್ಟ್ರೇ?’ ಇದು ಮಗ ಕೇಳುವ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಇದಕ್ಕೆ ಉತ್ತರ ಹುಡುಕಲೆಂದೇ ಸ್ಕಾಟ್ಲೆಂಡ್, ಐರ್ಲೆಂಡ್, ನೆದರ್‌ಲ್ಯಾಂಡ್ಸ್, ಸ್ವಿಟ್ಜರ್ಲೆಂಡ್‌ಗಳ ವೈದ್ಯರು ಸೇರಿ ‘ಟ್ರಸ್ಟ್’ ಎಂಬ ಪ್ರಯೋಗ ಮಾಡಿದರು. ಫಲಿತಾಂಶ 2017ರಲ್ಲಿ ಬಂತು. 65 ದಾಟಿದ 737 ಜನ, ಸರಾಸರಿ ವಯಸ್ಸು 74, ಸರಾಸರಿ ಟಿಎಸ್‌ಎಚ್ 6.4. ಹೆಚ್ಚುಕಡಿಮೆ ನಮ್ಮ ಅತ್ತೆಯೇ. ಅರ್ಧ ಜನರಿಗೆ ಲೆವೊಥೈರಾಕ್ಸಿನ್ ಎಂಬ ಥೈರಾಯ್ಡ್ ಮಾತ್ರೆ, ಉಳಿದವರಿಗೆ ನೋಡಲು ಅದೇ ಥರ ಇರುವ ಔಷಧಿಯಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂದು ಅವರಿಗೂ ಗೊತ್ತಿಲ್ಲ, ಕೊಡುವ ವೈದ್ಯರಿಗೂ ಗೊತ್ತಿಲ್ಲ. ಒಂದು ವರ್ಷದ ನಂತರ ಔಷಧಿ ತಗೊಂಡವರ ಟಿಎಸ್‌ಎಚ್ 3.6ಕ್ಕೆ ಇಳಿದಿತ್ತು. ರಿಪೋರ್ಟ್ ಚೆನ್ನಾಗಿತ್ತು. ಆದರೆ ಸುಸ್ತು? ಎರಡೂ ಗುಂಪಿನಲ್ಲಿ ಒಂದೇ. ಥೈರಾಯ್ಡ್ ಲಕ್ಷಣಗಳ ಅಂಕವೂ ಒಂದೇ. ಎಂಬತ್ತು ದಾಟಿದವರನ್ನೇ ಬೇರೆಯಾಗಿ ನೋಡಿದ 2019ರ ವಿಶ್ಲೇಷಣೆಯಲ್ಲೂ ಲಾಭ ಕಾಣಲಿಲ್ಲ.

ಈ ಪ್ರಯೋಗಕ್ಕೂ ಮಿತಿ ಇದೆ, ಅದನ್ನು ಮುಚ್ಚಿಡಬಾರದು. ಸೇರಿದವರಲ್ಲಿ ಹೆಚ್ಚಿನವರಿಗೆ ಶುರುವಿನಲ್ಲೇ ಲಕ್ಷಣಗಳು ಕಡಿಮೆ ಇದ್ದವು. ಟಿಎಸ್‌ಎಚ್ 10 ದಾಟಿದವರು ಕೆಲವೇ ಮಂದಿ. ಹಾಗಾಗಿ 14 ಇರುವ, ತೀರಾ ಬಳಲಿರುವ 70ರ ವ್ಯಕ್ತಿಗೆ ಇದೇ ಉತ್ತರ ಅಂಟಿಸುವಂತಿಲ್ಲ. ಆದರೆ ಐದಾರು, ಏಳರ ಆಸುಪಾಸಿನ ಹಿರಿಯರಿಗೆ ಇದಕ್ಕಿಂತ ಗಟ್ಟಿ ಪುರಾವೆ ಬೇರೆ ಇಲ್ಲ.

ಇನ್ನು ಮಾತ್ರೆಯಿಂದ ಆಗುವ ಕೇಡು. ಲೆವೊಥೈರಾಕ್ಸಿನ್ ಸರಿಯಾದ ಡೋಸಿನಲ್ಲಿ ಸಾಧು ಔಷಧಿ. ಡೋಸ್ ಸ್ವಲ್ಪ ಜಾಸ್ತಿಯಾದರೆ ಟಿಎಸ್‌ಎಚ್ 0.1ರ ಕೆಳಗೆ ಕುಸಿಯಬಹುದು. ಹಿರಿಯರಲ್ಲಿ ಅದರ ಪರಿಣಾಮ ಎರಡು ಕಡೆ. ಹೃದಯದ ಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್, ಮತ್ತು ಮೂಳೆ ಸವೆತ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದಲ್ಲಿ ಟಿಎಸ್‌ಎಚ್ ಅಷ್ಟು ಇಳಿದಿದ್ದ 60 ದಾಟಿದವರಲ್ಲಿ ಈ ತಾಳ ತಪ್ಪುವಿಕೆ ಹತ್ತು ವರ್ಷಗಳಲ್ಲಿ ಸುಮಾರು ಮೂರು ಪಟ್ಟು ಕಂಡಿತು. ಅದರಿಂದ ಪಾರ್ಶ್ವವಾಯು ಬರಬಹುದು. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರೆ ಅಜ್ಜಿ ಮತ್ತೆ ಮೊದಲಿನಂತೆ ಓಡಾಡುವುದು ಕಷ್ಟ. ಲಾಭ ಇಲ್ಲದ ಕಡೆ ಇಷ್ಟು ಅಪಾಯ ಏಕೆ?

ಹಾಗೆಂದು ‘ಏನೂ ಇಲ್ಲ, ಹೋಗಿ’ ಎಂದು ಕಳಿಸುವುದೂ ಸರಿಯಲ್ಲ. ಅತ್ತೆಯ ಸುಸ್ತು ನಿಜ. ಅದರ ಕಾರಣ ಬೇರೆ ಕಡೆ ಹುಡುಕಬೇಕು. ಹಿಮೋಗ್ಲೋಬಿನ್, ಬಿ12, ಸಕ್ಕರೆ, ಕಿಡ್ನಿ ಪರೀಕ್ಷೆ, ಬಿಪಿ ಮಾತ್ರೆಯ ಡೋಸ್, ರಾತ್ರಿ ಗೊರಕೆ, ಮನಸ್ಸಿನ ಬೇಸರ, ಎಲ್ಲವನ್ನೂ ಕೇಳಬೇಕು. ಶುದ್ಧ ಸಸ್ಯಾಹಾರಿ ಮನೆಯ ಹಿರಿಯರಲ್ಲಿ ಬಿ12 ಕಡಿಮೆ ಇರುವುದು ಎಷ್ಟು ಸಾಮಾನ್ಯ ಎಂದರೆ, ಥೈರಾಯ್ಡ್ ಮೇಲೆ ಅನುಮಾನ ಪಡುವ ಮೊದಲೇ ಅದನ್ನು ನೋಡಬೇಕು. ಟಿಎಸ್‌ಎಚ್ ಅನ್ನು ಆರು ತಿಂಗಳಿಗೊಮ್ಮೆ, ಆಮೇಲೆ ಹೆಚ್ಚು ಬದಲಾಗದಿದ್ದರೆ ವರ್ಷಕ್ಕೊಮ್ಮೆ ನೋಡಿದರೆ ಸಾಕು. ಪ್ರತಿ ತಿಂಗಳು ಮಾಡಿಸಿದರೆ 5.4, 6.3, 5.8 ಎಂದು ನಂಬರ್ ಕುಣಿಯುತ್ತದೆ, ಮನೆಯವರ ಬಿಪಿ ಏರುತ್ತದೆ, ಅಷ್ಟೇ.

ಈಗ ಸೊಸೆ. ಇವಳ ಲೆಕ್ಕ ಬೇರೆ. 34 ವರ್ಷಕ್ಕೆ 7.1 ಎನ್ನುವುದು ವಯಸ್ಸಿನ ಸಹಜ ಏರಿಕೆ ಅಲ್ಲ. ಎರಡು ಸಲವೂ ಜಾಸ್ತಿ ಬಂದಿದೆ, ಆಂಟಿಬಾಡಿ ಇದೆ. ಲಕ್ಷಣಗಳೂ ಇವೆ: ಸಂಜೆ ಹೊತ್ತಿಗೆ ಕಣ್ಣು ಬಿಡಲಾಗದಷ್ಟು ಸುಸ್ತು, ಮಲಬದ್ಧತೆ, ಕೂದಲು ಉದುರುವುದು, ವರ್ಷದಲ್ಲಿ ನಾಲ್ಕು ಕೆಜಿ ತೂಕ ಏರಿದ್ದು. ಮಾತ್ರೆ ಬರೆಯಲು ಇನ್ನೇನು ಬೇಕು ಅಂತೀರಾ?

ಇಲ್ಲೊಂದು ತೊಡಕಿದೆ. ಈ ಲಕ್ಷಣಗಳು ಥೈರಾಯ್ಡ್‌ನ ಸ್ವಂತ ಆಸ್ತಿಯಲ್ಲ. ಅಮೆರಿಕದ ಕೊಲರಾಡೊದಲ್ಲಿ 1995ರಲ್ಲಿ ಆರೋಗ್ಯ ಮೇಳಕ್ಕೆ ಬಂದ 25 ಸಾವಿರಕ್ಕೂ ಹೆಚ್ಚು ಜನರಿಗೆ ಲಕ್ಷಣಗಳ ಪಟ್ಟಿ ಕೊಟ್ಟು, ರಕ್ತವನ್ನೂ ಪರೀಕ್ಷಿಸಿದರು. ಥೈರಾಯ್ಡ್ ಪೂರ್ತಿ ಸರಿ ಇದ್ದವರೂ ಪಟ್ಟಿಯಲ್ಲಿ ಸರಾಸರಿ 12%ಗೆ ‘ಹೌದು’ ಎಂದಿದ್ದರು. ಟಿಎಸ್‌ಎಚ್ ಮಾತ್ರ ಏರಿದ್ದವರಲ್ಲಿ ಅದಕ್ಕಿಂತ ಒಂದೆರಡು ಪರ್ಸೆಂಟ್ ಜಾಸ್ತಿ. ಇಷ್ಟು ಸಣ್ಣ ವ್ಯತ್ಯಾಸ ಇಟ್ಟುಕೊಂಡು ಒಬ್ಬ ವ್ಯಕ್ತಿಯ ಸುಸ್ತಿಗೆ ಥೈರಾಯ್ಡೇ ಕಾರಣ ಎಂದು ಯಾರೂ ಹೇಳಲಾಗದು.

ಸೊಸೆಯ ವಿಷಯದಲ್ಲಿ ಡಾಕ್ಟರ್ ಮೊದಲ ಭೇಟಿಯಲ್ಲೇ ಇನ್ನೊಂದನ್ನು ಗಮನಿಸಿದ್ದರು. ಹಿಮೋಗ್ಲೋಬಿನ್ 10.2, ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ 8. ಮುಟ್ಟಿನಲ್ಲಿ ರಕ್ತಸ್ರಾವ ಜಾಸ್ತಿ. ಸುಸ್ತಿಗೂ ಕೂದಲು ಉದುರುವುದಕ್ಕೂ ಇಷ್ಟು ಕಬ್ಬಿಣದ ಕೊರತೆ ಒಂದೇ ಸಾಕು. ಹಾಗಾಗಿ ಆ ಮೂರು ತಿಂಗಳು ಸುಮ್ನೆ ಕಾಯಲಿಲ್ಲ, ಕಬ್ಬಿಣದ ಮಾತ್ರೆ ನಡೆಯಿತು. ಹಿಮೋಗ್ಲೋಬಿನ್ 12ಕ್ಕೆ ಬಂತು, ಸುಸ್ತು ಅರ್ಧ ಕಡಿಮೆಯಾಯಿತು. ಮೊದಲ ದಿನವೇ ಎರಡೂ ಮಾತ್ರೆ ಒಟ್ಟಿಗೆ ಕೊಟ್ಟಿದ್ದರೆ ಆ ಅರ್ಧದ ಕೀರ್ತಿ ಥೈರಾಯ್ಡ್ ಮಾತ್ರೆಗೆ ಹೋಗುತ್ತಿತ್ತು, ಅಲ್ವಾ?

ಉಳಿದ ಅರ್ಧಕ್ಕೆ ಈಗ ಮಾತ್ರೆ ಕೊಟ್ಟು ನೋಡಬಹುದು. ಈ ವಿಷಯದಲ್ಲಿ ತಜ್ಞರಲ್ಲೇ ಒಮ್ಮತ ಇಲ್ಲ. 2019ರ ಮೇ ತಿಂಗಳಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಶಿಫಾರಸು ‘ಬಹುತೇಕ ಯಾವ ವಯಸ್ಕರಿಗೂ ಬೇಡ’ ಎಂದು ಖಡಾಖಂಡಿತವಾಗಿ ಹೇಳಿತು. 21 ಪ್ರಯೋಗಗಳ ಒಟ್ಟು ಲೆಕ್ಕ ಅದರ ಹಿಂದಿತ್ತು. ಆದರೆ ಗರ್ಭ ಧರಿಸಲು ಬಯಸುವವರು, ಟಿಎಸ್‌ಎಚ್ 20 ದಾಟಿದವರು, ಲಕ್ಷಣ ತೀವ್ರವಾಗಿರುವವರು, 30ರೊಳಗಿನವರು, ಇವರಿಗೆ ಈ ಮಾತು ಹೊಂದದಿರಬಹುದು ಎಂದು ಅವರೇ ಹೊರಗಿಟ್ಟರು. ಅದೇ ವರ್ಷದ ಕೊನೆಗೆ ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿ ಸಂಸ್ಥೆ ನೈಸ್ ಬೇರೆ ಮಾತು ಹೇಳಿತು: 65ರ ಕೆಳಗಿನವರಿಗೆ, ಮೂರು ತಿಂಗಳ ಅಂತರದಲ್ಲಿ ಎರಡು ಸಲ ಜಾಸ್ತಿ ಬಂದು, ಲಕ್ಷಣವೂ ಇದ್ದರೆ, ಆರು ತಿಂಗಳು ಕೊಟ್ಟು ನೋಡಬಹುದು. ಟಿಎಸ್‌ಎಚ್ 10 ಅಥವಾ ಅದಕ್ಕಿಂತ ಮೇಲೆ ನಿಂತುಬಿಟ್ಟರೆ ಮಾತ್ರೆಯ ಕಡೆಗೆ ವಾಲುವವರೇ ಹೆಚ್ಚು, ಏಕೆಂದರೆ ಹೃದಯದ ಕಾಯಿಲೆಯ ಅಪಾಯ ಸ್ಪಷ್ಟವಾಗಿ ಏರುವುದು ಆ ಮಟ್ಟದಿಂದ.

ನನಗೆ ನೈಸ್ ಮಾತು ಹೆಚ್ಚು ಸರಿ ಎನಿಸುತ್ತದೆ. ಪ್ರಯೋಗಗಳಲ್ಲಿ 34ರ ಹೆಂಗಸರು ಕಡಿಮೆ ಇದ್ದರು. ಅಜ್ಜಿಯರಲ್ಲಿ ಸಿಕ್ಕ ಉತ್ತರವನ್ನು ಇವಳಿಗೆ ಪೂರ್ತಿ ಅನ್ವಯಿಸುವುದು ಕಷ್ಟ. ಆದರೆ ಒಂದು ಷರತ್ತು. ಮುಗಿಯುವ ದಿನಾಂಕ ಇಲ್ಲದಿದ್ದರೆ ಅದನ್ನು ಪ್ರಯೋಗ ಎನ್ನಲಾಗದು.

ಸೊಸೆಗೆ ಡಾಕ್ಟರ್ ಬರೆದದ್ದು ದಿನಕ್ಕೆ 50 ಮೈಕ್ರೋಗ್ರಾಂ. ಮಾತ್ರೆ ಶುರು ಮಾಡುವ ಮೊದಲು ಅವಳ ಕೈಲೇ ಮೂರು ತೊಂದರೆ ಬರೆಸಿದರು: ಸಂಜೆಯ ಸುಸ್ತು, ಮಲಬದ್ಧತೆ, ಚಳಿ ತಡೆಯಲಾಗದಿರುವುದು. ಪ್ರತಿಯೊಂದಕ್ಕೂ ಹತ್ತರಲ್ಲಿ ಅಂಕ. ತೂಕವನ್ನು ಬೇಕಂತಲೇ ಪಟ್ಟಿಯಿಂದ ಬಿಟ್ಟರು. ಈ ಮಟ್ಟದ ಟಿಎಸ್‌ಎಚ್‌ಗೆ ಮಾತ್ರೆ ಕೊಟ್ಟರೆ ತೂಕ ಹೇಳಿಕೊಳ್ಳುವಷ್ಟು ಇಳಿಯುವುದಿಲ್ಲ. ಆ ಆಸೆಯಿಂದ ಶುರು ಮಾಡಿದವರು ‘ಡೋಸ್ ಸಾಲದು’ ಎಂದು ಏರಿಸಿಕೊಂಡು ಹೋಗುತ್ತಾರೆ. ಈ ಔಷಧಿ ರಕ್ತದಲ್ಲಿ ಅರ್ಧವಾಗಲು ಒಂದು ವಾರ ಬೇಕು, ಅದಕ್ಕೇ ಟಿಎಸ್‌ಎಚ್ ಹೊಸ ಮಟ್ಟಕ್ಕೆ ಬಂದು ನಿಲ್ಲಲು ಆರರಿಂದ ಎಂಟು ವಾರ ಹಿಡಿಯುತ್ತದೆ. ಎರಡೇ ವಾರಕ್ಕೆ ಟೆಸ್ಟ್ ಮಾಡಿಸಿದರೆ ದುಡ್ಡು ದಂಡ.

ನುಂಗುವ ರೀತಿಯಲ್ಲೇ ನಮ್ಮ ಕಡೆ ಎಡವಟ್ಟು ಜಾಸ್ತಿ. ಬೆಳಗ್ಗೆ ಎದ್ದ ಕೂಡಲೇ ಮಾತ್ರೆ, ಅದರ ಹಿಂದೆಯೇ ಫಿಲ್ಟರ್ ಕಾಫಿ. ಕಾಫಿ ಈ ಮಾತ್ರೆ ಹೀರಿಕೊಳ್ಳುವುದನ್ನು ತಡೆಯುತ್ತದೆ. ಬರೀ ನೀರಿನಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಬಿಡಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಬೇಕು. ಸೊಸೆಗೆ ಕಬ್ಬಿಣ ಇನ್ನೂ ನಡೆಯುತ್ತಿದೆ, ಹಾಗಾಗಿ ಅದನ್ನು ಮಧ್ಯಾಹ್ನಕ್ಕೆ ತಳ್ಳಿದರು. ಬೆಳಗಿನ ಕಾಫಿ ಬಿಡಲಾಗದವರು ರಾತ್ರಿ ಊಟವಾಗಿ ಮೂರು ಗಂಟೆಯ ನಂತರ, ಮಲಗುವ ಮುಂಚೆ ನುಂಗಬಹುದು. ಎಲೆಕೋಸು, ಹೂಕೋಸು ಬಿಡಬೇಕಾ ಎಂದು ಎಲ್ಲರೂ ಕೇಳುತ್ತಾರೆ. ಬೇಯಿಸಿ ಸಾಧಾರಣ ಪ್ರಮಾಣದಲ್ಲಿ ತಿಂದರೆ ಏನೂ ಆಗುವುದಿಲ್ಲ.

ಟಿಎಸ್‌ಎಚ್ 2ರ ಆಸುಪಾಸಿಗೆ ಬಂದ ಮೇಲೆ ಮೂರು ನಾಲ್ಕು ತಿಂಗಳು ಹಾಗೇ ಇರಿಸಿ, ಆ ಹಳೆಯ ಚೀಟಿ ತೆಗೆದು ಮತ್ತೆ ಅಂಕ ಕೊಡಬೇಕು. ಎಂಟಿದ್ದ ಸುಸ್ತು ಮೂರಕ್ಕೆ ಬಂದಿದ್ದರೆ ಮುಂದುವರಿಸಬಹುದು. ಎಂಟು ಏಳೂವರೆ ಆಗಿದ್ದರೆ ಥೈರಾಯ್ಡ್ ಕಾರಣ ಅಲ್ಲ ಎಂದು ಗೊತ್ತಾಯಿತು, ಮಾತ್ರೆ ನಿಲ್ಲಿಸಿ ಬೇರೆ ಕಾರಣ ಹುಡುಕಬೇಕು. ಆಂಟಿಬಾಡಿ ಇರುವುದರಿಂದ ಟಿಎಸ್‌ಎಚ್ ಮಾತ್ರ ವರ್ಷಕ್ಕೊಮ್ಮೆ ನೋಡುತ್ತಿರಬೇಕು.

ಒಂದೇ ಒಂದು ಸಂಗತಿ ಈ ಎಲ್ಲ ಲೆಕ್ಕವನ್ನೂ ಬದಲಿಸುತ್ತದೆ. ಸೊಸೆ ಎರಡನೇ ಮಗುವಿನ ಯೋಚನೆಯಲ್ಲಿದ್ದರೆ ಮೂರು ತಿಂಗಳು ಕಾದು ನೋಡುವ ಮಾತೇ ಬೇರೆಯಾಗುತ್ತದೆ. ಮೊದಲ ಕೆಲವು ವಾರ ಮಗುವಿಗೆ ಬೇಕಾದ ಥೈರಾಯ್ಡ್ ಹಾರ್ಮೋನ್ ತಾಯಿಯಿಂದಲೇ ಹೋಗಬೇಕು. ಆಗ ಗಡಿಗಳೂ ಬೇರೆ, ಮಾತ್ರೆ ಕೊಡುವ ಧೋರಣೆಯೂ ಬೇರೆ, ಲಕ್ಷಣ ಇದೆಯೇ ಎಂಬ ಪ್ರಶ್ನೆಯೂ ಹಿಂದೆ ಸರಿಯುತ್ತದೆ. ಬಸಿರಿನ ಯೋಚನೆ ಇದ್ದರೆ ಅದನ್ನು ಡಾಕ್ಟರಿಗೆ ಮೊದಲ ಸಾಲಿನಲ್ಲೇ ಹೇಳಬೇಕು.

ಇಷ್ಟು ಓದಿದವರಲ್ಲಿ ಕೆಲವರು ಆಗಲೇ ಐದಾರು ವರ್ಷದಿಂದ 25 ಅಥವಾ 50 ಮೈಕ್ರೋಗ್ರಾಂ ನುಂಗುತ್ತಿರಬಹುದು, ಏಕೆ ಶುರುವಾಯಿತು ಎಂದು ಮರೆತೂ ಹೋಗಿರಬಹುದು. ನಾಳೆಯೇ ನಿಲ್ಲಿಸಬೇಡಿ. ಶುರುವಿನ ರಿಪೋರ್ಟ್ ಹುಡುಕಿ. ಆಗ ಟಿಎಸ್‌ಎಚ್ 10ರ ಒಳಗಿತ್ತೇ, ಟಿ4 ನಾರ್ಮಲ್ ಇತ್ತೇ, ಎರಡನೇ ಸಲ ನೋಡಿದ್ದರೇ? ಥೈರಾಯ್ಡ್ ಆಪರೇಶನ್ ಅಥವಾ ರೇಡಿಯೋ ಅಯೋಡಿನ್ ಚಿಕಿತ್ಸೆ ಆದವರು, ಶುರುವಿನಲ್ಲೇ ಟಿ4 ಕಡಿಮೆ ಇದ್ದವರು, ಗರ್ಭಿಣಿಯರು ಈ ಮಾತನ್ನು ತಮಗೆ ಹೇಳಿದ್ದೆಂದು ತಗೋಬಾರದು. ಉಳಿದವರು ಆ ಹಾಳೆ ಹಿಡಿದುಕೊಂಡು ‘ಒಂದು ಸಲ ಕಡಿಮೆ ಮಾಡಿ ನೋಡೋಣವಾ?’ ಎಂದು ಡಾಕ್ಟರನ್ನು ಕೇಳಬಹುದು. ಹೀಗೆ ನಿಲ್ಲಿಸಿ ನೋಡಿದ ಅಧ್ಯಯನಗಳನ್ನು ಒಟ್ಟು ಸೇರಿಸಿದಾಗ, ಸುಮಾರು ಮೂವರಲ್ಲಿ ಒಬ್ಬರ ಥೈರಾಯ್ಡ್ ಮಾತ್ರೆಯಿಲ್ಲದೆಯೂ ಸರಿಯಾಗಿಯೇ ನಡೆಯುತ್ತಿತ್ತು. ಉಳಿದಿಬ್ಬರ ಟಿಎಸ್‌ಎಚ್ ಮತ್ತೆ ಏರಿತು. ನೀವು ಯಾವ ಗುಂಪು ಎಂದು ಎಂಟನೇ ವಾರದ ರಕ್ತ ಪರೀಕ್ಷೆಯಲ್ಲಿ ಸಾಧಾರಣವಾಗಿ ಗೊತ್ತಾಗುತ್ತದೆ. ಏರಿದ್ದರೆ ಆಗ ವಯಸ್ಸು, ಲಕ್ಷಣ ನೋಡಿ ಮತ್ತೆ ಶುರು ಮಾಡಬೇಕೇ ಎಂದು ತೀರ್ಮಾನಿಸಬಹುದು.